ಅಪ್ರೆಂಟಿಸ್‌ಶಿಪ್ಪೋ ಇಂಟರ್ನ್‌ಶಿಪ್ಪೋ: ಸಹಿ ಹಾಕುವ ಮೊದಲು ಈ ಮೂರು ಕಾಗದ ನೋಡಿ

ದಸರಾ ರಜೆ ಮುಗಿದ ಮೇಲೆ ಒಂದು ಭಾನುವಾರ ಅಕ್ಕನ ಮಗ ತಿಪಟೂರಿನಿಂದ ನಮ್ಮ ಮನೆಗೆ ಬಂದ. ಐಟಿಐ ಫಿಟ್ಟರ್ ಎರಡು ವರ್ಷ ಮುಗಿಸಿದ್ದಾನೆ, ಮಾರ್ಕ್ಸ್ ಕಾರ್ಡ್ ಕೈಗೆ ಬಂದಿದೆ. ಜೊತೆಗೆ ಅವನ ದೊಡ್ಡಪ್ಪನ ಮಗಳೂ ಬಂದಿದ್ದಳು. ಅವಳದು ಡಿಪ್ಲೊಮಾ ಮೆಕ್ಯಾನಿಕಲ್, ಕೊನೆಯ ಸೆಮಿಸ್ಟರ್ ಇನ್ನು ಶುರುವಾಗಬೇಕು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೇಜಿನ ಮೇಲೆ ಮೂರು ಕಾಗದ ಬಂದು ಕೂತವು. "ಮಾಮ, ಇದರಲ್ಲಿ ಯಾವುದಕ್ಕೆ ಹೂಂ ಅನ್ನಲಿ?" ಅಂದ ಹುಡುಗ.

ನಾನು ಕಾರ್ಖಾನೆಯೊಂದರ ಟ್ರೈನಿಂಗ್ ವಿಭಾಗದಲ್ಲಿದ್ದೇನೆ. ಅಪ್ರೆಂಟಿಸ್ ಹುಡುಗರ ಕಾಗದ ನೋಡುವುದೇ ನನ್ನ ಕೆಲಸ. ಆ ಮೂರು ಕಾಗದಗಳನ್ನು ಓದಿದ ಮೇಲೆ ಅನಿಸಿತು, ಅಪ್ರೆಂಟಿಸ್‌ಶಿಪ್ ಅಂದರೇನು, ಇಂಟರ್ನ್‌ಶಿಪ್ ಅಂದರೇನು ಅಂತ ಹೇಳುವುದಕ್ಕೆ ಇವು ಮೂರೇ ಸಾಕು. ಅದಕ್ಕೇ ಒಂದೊಂದಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲನೆಯದು ಒಬ್ಬ ಲೇಬರ್ ಕಾಂಟ್ರಾಕ್ಟರ್ ಕೊಟ್ಟ ಪತ್ರ. "ಅಪ್ರೆಂಟಿಸ್ ಟ್ರೈನಿ, 12 ತಿಂಗಳು, ತಿಂಗಳಿಗೆ 11,000 ರೂಪಾಯಿ" ಅಂತ ಇತ್ತು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಕು, 2000 ರೂಪಾಯಿ ಡೆಪಾಸಿಟ್ ಕಟ್ಟಬೇಕು. ಎರಡನೆಯದು ತುಮಕೂರು ರಸ್ತೆಯ ಒಂದು ಬಿಡಿಭಾಗದ ಕಾರ್ಖಾನೆಯದು. ಅದರಲ್ಲಿ ಟ್ರೇಡ್ "ಫಿಟ್ಟರ್", ತಿಂಗಳಿಗೆ 7000. ಮೂರನೆಯದು ಹುಡುಗಿಯದು, ಒಂದು ಟ್ರೈನಿಂಗ್ ಸೆಂಟರ್ ಕಳಿಸಿದ್ದು. "ಇಂಡಸ್ಟ್ರಿ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಸಮೇತ" ಅಂತ ಬರೆದು ಕೆಳಗೆ 6000 ರೂಪಾಯಿ ಫೀಸು ಹಾಕಿದ್ದರು.

11,000 ಎಲ್ಲಿ, 7000 ಎಲ್ಲಿ? ಹುಡುಗ ಮನಸ್ಸಿನಲ್ಲಿ ಆಗಲೇ ಆರಿಸಿಕೊಂಡಾಗಿತ್ತು. ಅವನ ತಪ್ಪಲ್ಲ. ಮನೆಯಲ್ಲಿ ಸಾಲ ಇದೆ, ನಾಲ್ಕು ಸಾವಿರ ಸಣ್ಣ ಮೊತ್ತ ಅಲ್ಲ.

ಹೆಸರಲ್ಲ, ನೋಂದಣಿ

ಅಪ್ರೆಂಟಿಸ್ ಅನ್ನುವುದು ನಮ್ಮ ದೇಶದಲ್ಲಿ ಸುಮ್ನೆ ಬಳಸುವ ಪದ ಅಲ್ಲ. ಅದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಸರ್ಕಾರಿ ಕಾಗದಗಳಲ್ಲಿ, ಪೇಪರಿನಲ್ಲಿ "ಶಿಶಿಕ್ಷು" ಅಂತ ಬರುತ್ತದಲ್ಲ, ಅದೇ ಇದು. ಈ ಕಾಯ್ದೆ ಪ್ರಕಾರ ಕಂಪನಿ ಮತ್ತು ಹುಡುಗನ ನಡುವೆ ಒಂದು ಒಪ್ಪಂದ ಆಗಬೇಕು, ಹುಡುಗನಿಗೆ 18 ತುಂಬಿಲ್ಲದಿದ್ದರೆ ಅಪ್ಪ ಅಥವಾ ಅಮ್ಮ ಸಹಿ ಹಾಕಬೇಕು, ಆಮೇಲೆ ಆ ಒಪ್ಪಂದವನ್ನು ಕಂಪನಿ 7 ದಿನದೊಳಗೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಅನ್ನುವ ಸರ್ಕಾರಿ ಅಧಿಕಾರಿಗೆ ನೋಂದಣಿಗೆ ಕಳಿಸಬೇಕು. ಈಗ ಇದೆಲ್ಲ ಸರ್ಕಾರದ ಪೋರ್ಟಲ್‌ನಲ್ಲೇ ಆಗುತ್ತದೆ.

ನೋಂದಣಿ ಆದರೆ ಮಾತ್ರ ನೀವು ಅಪ್ರೆಂಟಿಸ್. ಆಗದಿದ್ದರೆ ಪತ್ರದ ಮೇಲೆ ಎಷ್ಟೇ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಅಲ್ಲ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ನಾನೂ ಐಟಿಐ ಮುಗಿಸಿ ಒಂದು ಸಣ್ಣ ವರ್ಕ್‌ಶಾಪ್‌ಗೆ "ಅಪ್ರೆಂಟಿಸ್" ಅಂತಲೇ ಸೇರಿದೆ. ಹದಿನಾಲ್ಕು ತಿಂಗಳು ಲೇತ್ ಪಕ್ಕ ನಿಂತೆ, ಬರ್ ತೆಗೆದೆ, ಜಾಬ್ ಲೋಡ್ ಮಾಡಿದೆ. ಬಿಡುವಾಗ ಲೆಟರ್‌ಹೆಡ್‌ನಲ್ಲಿ ಎರಡು ಸಾಲಿನ ಪತ್ರ ಕೊಟ್ಟರು. ಅದನ್ನು ಹಿಡಿದು ಒಂದು ಸರ್ಕಾರಿ ನೇಮಕಾತಿಗೆ ಹೋದಾಗ ಕೌಂಟರ್‌ನಲ್ಲಿದ್ದವರು ಕಾಗದ ತಿರುಗಿಸಿ ನೋಡಿ, "ಎನ್‌ಎಸಿ ಎಲ್ಲಿ?" ಅಂದರು. ಎನ್‌ಎಸಿ ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್. ಆ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಹದಿನಾಲ್ಕು ತಿಂಗಳು ಲೆಕ್ಕಕ್ಕೇ ಬರಲಿಲ್ಲ.

ಇಂಟರ್ನ್‌ಶಿಪ್ ಕಥೆ ಬೇರೆ. ಅದಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಇಂಟರ್ನ್ ಅಂದರೆ ಮೊದಲು ವಿದ್ಯಾರ್ಥಿ. ಕಾಲೇಜಿನ ಕೋರ್ಸಿನ ಒಂದು ಭಾಗವಾಗಿ ಕೆಲವು ವಾರ ಅಥವಾ ಕೆಲವು ತಿಂಗಳು ಕಂಪನಿಗೆ ಹೋಗಿ ಕಲಿತು ಬರುತ್ತಾನೆ. ಕಾಲೇಜು ಪತ್ರ ಕೊಡುತ್ತದೆ, ಕಂಪನಿ ಒಪ್ಪುತ್ತದೆ, ಕೊನೆಗೆ ಮಾರ್ಕ್ಸ್ ಬರುತ್ತದೆ. ಅಪ್ರೆಂಟಿಸ್‌ಶಿಪ್ ಸಾಮಾನ್ಯವಾಗಿ ಕೋರ್ಸ್ ಪಾಸಾದ ಮೇಲೆ, ಇಂಟರ್ನ್‌ಶಿಪ್ ಸಾಮಾನ್ಯವಾಗಿ ಕೋರ್ಸ್ ನಡೆಯುವಾಗ. ಇಷ್ಟು ಗೊತ್ತಿದ್ದರೆ ಅರ್ಧ ಗೊಂದಲ ಹೋಯಿತು.

ಸ್ಟೈಪೆಂಡ್ ಲೆಕ್ಕ

ಎರಡನೇ ಕಾಗದದ 7000 ಎಲ್ಲಿಂದ ಬಂತು ಅಂತ ಹುಡುಗ ಕೇಳಿದ. ಕಂಪನಿಯವರು ಮನಸ್ಸಿಗೆ ಬಂದದ್ದು ಬರೆದಿದ್ದಲ್ಲ ಅದು. 2019ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದುಪಡಿ ಆದಾಗ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7000, ಡಿಪ್ಲೊಮಾದವರಿಗೆ 8000, ಡಿಗ್ರಿಯವರಿಗೆ 9000 ಅಂತ ಆಯಿತು. ಇದು ಕನಿಷ್ಠ. ಜಾಸ್ತಿ ಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ, ಕಡಿಮೆ ಕೊಡುವ ಹಾಗಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಶಿಶಿಕ್ಷು ಮಂಡಳಿ ಇದನ್ನು ಶೇ 36ರಷ್ಟು ಏರಿಸಬೇಕು ಅಂತ ಶಿಫಾರಸು ಮಾಡಿತು. ಆಗ ಇದ್ದ 5000ದಿಂದ 9000ದ ಶ್ರೇಣಿಯನ್ನು 6800ದಿಂದ 12,300ಕ್ಕೆ ತರುವ ಮಾತು ಅದು. ಹಾಗಾಗಿ ನೀವು ಸಹಿ ಹಾಕುವ ದಿನ ಯಾವ ಮೊತ್ತ ಜಾರಿಯಲ್ಲಿದೆ ಅಂತ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಇಲ್ಲಿ ನಾನು 2019ರ ಮೊತ್ತದಲ್ಲೇ ಲೆಕ್ಕ ಹೇಳುತ್ತೇನೆ. ಮೊತ್ತ ಏರಿದರೂ ಹಂಚಿಕೆ ಹೇಗೆ ಅನ್ನುವುದು ಇದರಲ್ಲಿ ತಿಳಿಯುತ್ತದೆ.

ಐಟಿಐ ಹುಡುಗರು ಸಾಮಾನ್ಯವಾಗಿ ಎನ್‌ಎಪಿಎಸ್ ಅನ್ನುವ ಯೋಜನೆಯಲ್ಲಿ ಬರುತ್ತಾರೆ. ಅದರ ಪೋರ್ಟಲ್ apprenticeshipindia.gov.in. ಇದರಲ್ಲಿ ಸ್ಟೈಪೆಂಡಿನ ಶೇ 25ರಷ್ಟನ್ನು ಕೇಂದ್ರ ಸರ್ಕಾರ ಕೊಡುತ್ತದೆ, ಆದರೆ ತಿಂಗಳಿಗೆ 1500 ರೂಪಾಯಿ ಮೀರದ ಹಾಗೆ. 7000ದಲ್ಲಿ ಶೇ 25 ಅಂದರೆ 1750 ಆಗುತ್ತದೆ. ಮಿತಿ ಇರುವುದರಿಂದ ಸಿಗುವುದು 1500. ಉಳಿದ 5500 ಕಂಪನಿ ಕೊಡಬೇಕು. ಮೊದಲು ಕಂಪನಿಯೇ ಪೂರ್ತಿ ಕೊಟ್ಟು ಆಮೇಲೆ ಸರ್ಕಾರದಿಂದ ವಾಪಸ್ ಪಡೆಯುತ್ತಿತ್ತು. 2023ರ ಆಗಸ್ಟ್‌ನಿಂದ ಸರ್ಕಾರದ ಪಾಲು ನೇರವಾಗಿ ಹುಡುಗನ ಖಾತೆಗೇ ಬರುತ್ತಿದೆ. ಅಂದರೆ ನಿಮಗೆ ತಿಂಗಳಿಗೆ ಎರಡು ಮೆಸೇಜ್ ಬರಬೇಕು. ಒಂದು ಕಂಪನಿಯದು, ಒಂದು ಸರ್ಕಾರದ್ದು, ಬೇರೆ ಬೇರೆ ದಿನ.

ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು "ಸರ್, 7000 ಅಂದಿರಿ, 5500 ಹಾಕಿದ್ದೀರಿ" ಅಂತ ಮುಖ ಊದಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಅವರ ಕೋಪ ನ್ಯಾಯವೇ. ಸೇರುವ ದಿನವೇ ಯಾರಾದರೂ ಕೂರಿಸಿ ಹೇಳಬೇಕಿತ್ತು.

ಡಿಪ್ಲೊಮಾದವರಿಗೆ ಬೇರೆ ಬಾಗಿಲು. ಅದು ಎನ್‌ಎಟಿಎಸ್, ಶಿಕ್ಷಣ ಸಚಿವಾಲಯದ್ದು, ಪೋರ್ಟಲ್ nats.education.gov.in. ಕರ್ನಾಟಕಕ್ಕೆ ಇದನ್ನು ನೋಡಿಕೊಳ್ಳುವುದು ಚೆನ್ನೈನಲ್ಲಿರುವ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. ಎಲ್ಲರೂ ಬೋಟ್ ಅಂತ ಕರೆಯುತ್ತಾರೆ. ಇಲ್ಲಿ ಕನಿಷ್ಠ ಸ್ಟೈಪೆಂಡಿನ ಅರ್ಧ ಸರ್ಕಾರದ್ದು. 8000ದಲ್ಲಿ 4000 ಸರ್ಕಾರ, 4000 ಕಂಪನಿ. ಅವಧಿ ಒಂದು ವರ್ಷ. ಈ ಎರಡೂ ಪೋರ್ಟಲ್‌ಗಳಲ್ಲಿ ಹೆಸರು ನೋಂದಾಯಿಸುವುದಕ್ಕೆ ಒಂದು ರೂಪಾಯಿ ಫೀಸೂ ಇಲ್ಲ. ಯಾರಾದರೂ ಕೇಳಿದರೆ ಆ ದುಡ್ಡು ಸರ್ಕಾರಕ್ಕೆ ಹೋಗುತ್ತಿಲ್ಲ ಅಂತ ತಿಳಿದುಕೊಳ್ಳಿ.

ದುಡ್ಡು ಯಾವಾಗ ಬರಬೇಕು ಅನ್ನುವುದಕ್ಕೂ ನಿಯಮ ಇದೆ. ಈ ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಬರಬೇಕು. ಪೀಸ್ ರೇಟ್ ಮೇಲೆ, ಅಂದರೆ ಇಷ್ಟು ಜಾಬ್ ಮಾಡಿದರೆ ಇಷ್ಟು ದುಡ್ಡು ಅಂತ ಅಪ್ರೆಂಟಿಸ್‌ಗೆ ಕೊಡುವ ಹಾಗಿಲ್ಲ. ಓವರ್‌ಟೈಮ್ ಮಾಡಿಸಬೇಕಾದರೆ ಅಡ್ವೈಸರ್ ಅನುಮತಿ ಬೇಕು. ಪಿಎಫ್, ಇಎಸ್‌ಐ ಕಡಿತ ಇಲ್ಲ, ಯಾಕೆಂದರೆ ಕಾಯ್ದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕ ಅಲ್ಲ. ಹಾಗಂತ ಕೈಗೆ ಪೆಟ್ಟಾದರೆ ದಿಕ್ಕಿಲ್ಲ ಅಂತಲ್ಲ. ತರಬೇತಿಯಲ್ಲಿ ಗಾಯವಾದರೆ ಕಾರ್ಮಿಕರಿಗೆ ಕೊಡುವ ಹಾಗೆಯೇ ಪರಿಹಾರ ಕೊಡುವ ಹೊಣೆ ಕಂಪನಿಯದು. ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡುವ ಹುಡುಗನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಅಲ್ಲಿ ನಿಂತವರಿಗೇ ಗೊತ್ತು.

ಇಂಟರ್ನ್‌ಗೆ ಇಂಥ ಕನಿಷ್ಠ ಯಾವುದೂ ಇಲ್ಲ. ಕಂಪನಿ ಐದು ಸಾವಿರ ಕೊಡಬಹುದು, ಬರೀ ಬಸ್ ಮತ್ತು ಊಟ ಕೊಡಬಹುದು, ಏನೂ ಕೊಡದೆಯೂ ಇರಬಹುದು. ಎಲ್ಲ ಪತ್ರದಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ. ಬರೆದಿಲ್ಲದಿದ್ದರೆ ಬಾಯಿಮಾತಿಗೆ ಬೆಲೆ ಇಲ್ಲ.

ಮೊದಲನೇ ಕಾಗದಕ್ಕೆ ವಾಪಸ್

ಈಗ 11,000ದ ಪತ್ರ. ಅದನ್ನು ಮತ್ತೆ ಕೈಗೆತ್ತಿಕೊಂಡು ಹುಡುಗನಿಗೆ ಕೊಟ್ಟೆ. "ಇದರಲ್ಲಿ ಕಾಂಟ್ರಾಕ್ಟ್ ನಂಬರ್ ಎಲ್ಲಿದೆ ಹುಡುಕು" ಅಂದೆ. ಇರಲಿಲ್ಲ. "ಟ್ರೇಡ್ ಯಾವುದು ಅಂತ ಬರೆದಿದ್ದಾರಾ?" ಅದೂ ಇಲ್ಲ. "ಪ್ರೊಡಕ್ಷನ್ ಅಸಿಸ್ಟ್" ಅಂತ ಇತ್ತು. "ದಿನಕ್ಕೆ ಎಷ್ಟು ಗಂಟೆ?" ಕೆಳಗೆ ಸಣ್ಣ ಅಕ್ಷರದಲ್ಲಿ ಹನ್ನೆರಡು ಗಂಟೆ ಶಿಫ್ಟ್ ಅಂತ ಇತ್ತು.

ಲೆಕ್ಕ ಹಾಕೋಣ ಅಂದೆ. ತಿಂಗಳಿಗೆ 26 ದಿನ, ದಿನಕ್ಕೆ 12 ಗಂಟೆ ಅಂದರೆ 312 ಗಂಟೆ. 11,000ವನ್ನು ಅದರಿಂದ ಭಾಗಿಸಿದರೆ ಗಂಟೆಗೆ 35 ರೂಪಾಯಿ ಚಿಲ್ಲರೆ. ಎರಡನೇ ಕಾಗದದಲ್ಲಿ ದಿನಕ್ಕೆ ಎಂಟು ಗಂಟೆ, ಅಂದರೆ ತಿಂಗಳಿಗೆ 208 ಗಂಟೆ. 7000 ಭಾಗಿಸು 208, ಗಂಟೆಗೆ 33 ರೂಪಾಯಿಗಿಂತ ಸ್ವಲ್ಪ ಜಾಸ್ತಿ. ಹುಡುಗ ಮೊಬೈಲ್‌ನಲ್ಲಿ ಎರಡು ಸಲ ಲೆಕ್ಕ ಮಾಡಿ ನೋಡಿದ. ನಾಲ್ಕು ಸಾವಿರದ ವ್ಯತ್ಯಾಸ ಅಂದುಕೊಂಡದ್ದು ಗಂಟೆಗೆ ಎರಡು ರೂಪಾಯಿಯ ಸುತ್ತ ಬಂದು ನಿಂತಿತು.

ಇನ್ನೊಂದು ವಿಷಯ ಹೇಳಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಪ್ರೆಂಟಿಸ್‌ಗೆ ಪಿಎಫ್ ಬೇಡ, ಕನಿಷ್ಠ ವೇತನ ಬೇಡ ಅನ್ನುವ ವಿನಾಯಿತಿ ಸಿಗುವುದು ಈ ಕಾಯ್ದೆಯ ಕೆಳಗೆ ಒಪ್ಪಂದ ಮಾಡಿಕೊಂಡ ಕಂಪನಿಗೆ. ನೋಂದಣಿ ಮಾಡದೆ, ಕಲಿಸದೆ, ಲೈನ್‌ನಲ್ಲಿ ನಿಲ್ಲಿಸಿ ಪ್ರೊಡಕ್ಷನ್ ಮಾಡಿಸಿದರೆ ಅದು ಕೂಲಿ ಕೆಲಸ. ಆಗ ಕನಿಷ್ಠ ವೇತನ ಕೊಡಬೇಕು, ಹನ್ನೆರಡು ಗಂಟೆ ದುಡಿಸಿದರೆ ಓವರ್‌ಟೈಮ್ ಕೊಡಬೇಕು, ಪಿಎಫ್, ಇಎಸ್‌ಐ ಅನ್ವಯಿಸುವ ಕಡೆ ಅದನ್ನೂ ಕಟ್ಟಬೇಕು. ಈ ಪತ್ರ ಕೊಟ್ಟವರು ಎರಡೂ ಕಡೆಯ ಲಾಭ ತಮಗೇ ಇಟ್ಟುಕೊಂಡಿದ್ದಾರೆ. ಹುಡುಗನಿಗೆ ಸರ್ಟಿಫಿಕೇಟೂ ಇಲ್ಲ, ಕಾರ್ಮಿಕನ ಹಕ್ಕೂ ಇಲ್ಲ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಹದಿನೆಂಟು ಹತ್ತೊಂಬತ್ತರ ಹುಡುಗರು ಇದನ್ನು ಪ್ರಶ್ನೆ ಮಾಡುವುದಿಲ್ಲ ಅಂತ ಬರೆದವರಿಗೆ ಚೆನ್ನಾಗಿ ಗೊತ್ತು.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ಬ್ಯಾಗಿಗೆ ಹಾಕಿಕೊಳ್ಳಿ.

ಹಾಗಾದರೆ ಸರಿಯಾದ ಒಪ್ಪಂದದಲ್ಲಿ ಏನಿರಬೇಕು? ಎರಡನೇ ಕಾಗದದ ಕಂಪನಿ ಹುಡುಗನಿಗೆ ಮೊದಲು ಪೋರ್ಟಲ್‌ನಲ್ಲಿ ಪ್ರೊಫೈಲ್ ಮಾಡಿಕೊಳ್ಳಲು ಹೇಳಿತ್ತು. ಆಧಾರ್, ಮೊಬೈಲ್, ಐಟಿಐ ವಿವರ, ಬ್ಯಾಂಕ್ ಖಾತೆ. ಆಮೇಲೆ ಕಂಪನಿ ಒಪ್ಪಂದ ತಯಾರಿಸಿ ಹಾಕುತ್ತದೆ, ಹುಡುಗ ತನ್ನ ಲಾಗಿನ್‌ನಲ್ಲೇ ಅದನ್ನು ಓದಿ ಒಪ್ಪಬೇಕು. ಆ ಒಪ್ಪಿಗೆ ಕೊಡುವ ಜಾಗದಲ್ಲೇ ಹುಡುಗರು ಎಡವುವುದು. ಎಷ್ಟೋ ಕಡೆ ಎಚ್‌ಆರ್ ಹುಡುಗ "ಓಟಿಪಿ ಹೇಳಪ್ಪ" ಅನ್ನುತ್ತಾನೆ, ಇವನು ಹೇಳಿಬಿಡುತ್ತಾನೆ, ಒಪ್ಪಂದದಲ್ಲಿ ಏನಿದೆ ಅಂತ ನೋಡಿಯೇ ಇರುವುದಿಲ್ಲ.

ನೋಡಬೇಕಾದ್ದರಲ್ಲಿ ಬಹಳ ಮುಖ್ಯವಾದದ್ದು ಟ್ರೇಡ್‌ನ ಹೆಸರು. ಅಪ್ರೆಂಟಿಸ್‌ಶಿಪ್‌ನಲ್ಲಿ ಎರಡು ಬಗೆ. ಸರ್ಕಾರವೇ ಗೊತ್ತುಮಾಡಿದ ಟ್ರೇಡ್‌ಗಳು, ಅಂದರೆ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್, ವೆಲ್ಡರ್ ಇಂಥವು. ಇವಕ್ಕೆ ಡೆಸಿಗ್ನೇಟೆಡ್ ಟ್ರೇಡ್ ಅನ್ನುತ್ತಾರೆ. 2014ರ ತಿದ್ದುಪಡಿ ಆದ ಮೇಲೆ ಆಪ್ಷನಲ್ ಟ್ರೇಡ್ ಅಂತ ಇನ್ನೊಂದು ಬಂತು, ಅದರಲ್ಲಿ ಕಂಪನಿ ತನಗೆ ಬೇಕಾದ ಕೆಲಸಕ್ಕೆ ತಕ್ಕ ಕೋರ್ಸ್ ಇಟ್ಟುಕೊಳ್ಳಬಹುದು. ಎರಡೂ ಕಾನೂನುಬದ್ಧ. ಆದರೆ ಫಿಟ್ಟರ್ ಓದಿದ ಹುಡುಗನನ್ನು "ಅಸೆಂಬ್ಲಿ ಆಪರೇಟರ್" ಅನ್ನುವ ಹೆಸರಿನಲ್ಲಿ ಸೇರಿಸಿಕೊಂಡರೆ ಕೊನೆಗೆ ಸಿಗುವ ಸರ್ಟಿಫಿಕೇಟಿನಲ್ಲಿ ಫಿಟ್ಟರ್ ಇರುವುದಿಲ್ಲ. ಅವನ ಟ್ರೇಡ್ ಕೇಳುವ ನೇಮಕಾತಿಯಲ್ಲಿ ಅದು ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಯೋಚಿಸಬೇಕು. ಅಕ್ಕನ ಮಗನ ಒಪ್ಪಂದದಲ್ಲಿ ಫಿಟ್ಟರ್ ಅಂತಲೇ ಇತ್ತು. ಅದೇ ಒಂದು ಪದಕ್ಕಾಗಿ ನಾನು ಆ ಕಾಗದವನ್ನು ಮೇಲೆ ಇಟ್ಟೆ.

ಟ್ರೇಡ್ ಆದ ಮೇಲೆ ಶುರುವಾಗುವ ಮತ್ತು ಮುಗಿಯುವ ತಾರೀಖು, ನಿಮ್ಮನ್ನು ಯಾವ ವಿದ್ಯಾರ್ಹತೆಯಲ್ಲಿ ತೋರಿಸಿದ್ದಾರೆ, ಸ್ಟೈಪೆಂಡ್ ಎಷ್ಟು, ಕೆಲಸದ ಜಾಗ ಯಾವುದು ಅಂತ ನೋಡಿ. ಐಟಿಐ ಆದವನನ್ನು ಎಸ್ಸೆಸ್ಸೆಲ್ಸಿ ಅಂತ ಹಾಕಿದರೆ ಅಲ್ಲಿಗೆ ಸ್ಟೈಪೆಂಡ್ ಕೆಳಗಿಳಿಯುತ್ತದೆ.

ಮಧ್ಯದಲ್ಲಿ ಬಿಟ್ಟರೆ ಏನಾಗುತ್ತದೆ ಅಂತ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಒಪ್ಪಂದದಂತೆ ನಡೆದುಕೊಳ್ಳದ ಕಾರಣ ಅದು ಮುರಿದರೆ, ತಪ್ಪು ಕಂಪನಿಯದಾದರೆ ಅದು ಹುಡುಗನಿಗೆ ಮೂರು ತಿಂಗಳ ಸ್ಟೈಪೆಂಡ್‌ನಷ್ಟು ಪರಿಹಾರ ಕೊಡಬೇಕು. ತಪ್ಪು ಹುಡುಗನದಾದರೆ ಅವನಿಂದ ಅಷ್ಟೇ ಮೊತ್ತವನ್ನು ತರಬೇತಿ ಖರ್ಚು ಅಂತ ವಸೂಲಿ ಮಾಡಬಹುದು. ಹಾಗಾಗಿ ನಾಳೆಯಿಂದ ಬರಲ್ಲ ಅಂತ ಮೆಸೇಜ್ ಹಾಕಿ ಫೋನ್ ಆಫ್ ಮಾಡುವುದು ಜಾಣತನ ಅಲ್ಲ. ಜಗಳ ಬಂದರೆ ಅದನ್ನು ತೀರ್ಮಾನ ಮಾಡುವವರು ಅಪ್ರೆಂಟಿಸ್‌ಶಿಪ್ ಅಡ್ವೈಸರ್. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ನೀವು ಓದಿದ ಸರ್ಕಾರಿ ಐಟಿಐಗೆ ಹೋಗಿ ಕೇಳಿದರೆ ಯಾರನ್ನು ಕಾಣಬೇಕು ಅಂತ ಹೇಳುತ್ತಾರೆ.

ಕೊನೆಗೆ ಕೈಗೆ ಏನು ಬರುತ್ತದೆ

ಐಟಿಐ ಹುಡುಗನಿಗೆ ಡೆಸಿಗ್ನೇಟೆಡ್ ಟ್ರೇಡ್‌ನಲ್ಲಿ ವರ್ಷ ಮುಗಿದ ಮೇಲೆ ಅಖಿಲ ಭಾರತ ಟ್ರೇಡ್ ಟೆಸ್ಟ್ ಇರುತ್ತದೆ. ಅದರಲ್ಲಿ ಪಾಸಾದರೆ ಎನ್‌ಎಸಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್‌ಗೆ ಕೇಳುವ ಅರ್ಹತೆಗಳಲ್ಲಿ ಎಸ್ಸೆಸ್ಸೆಲ್ಸಿ ಜೊತೆ ನಿಗದಿತ ಟ್ರೇಡ್‌ಗಳ ಐಟಿಐ ಅಥವಾ ಈ ಕಾಯ್ದೆಯ ಅಪ್ರೆಂಟಿಸ್‌ಶಿಪ್ ಸೇರಿದೆ. ಇನ್ನೂ ದೊಡ್ಡ ಅನುಕೂಲ ರೈಲ್ವೆಯಲ್ಲೇ ಅಪ್ರೆಂಟಿಸ್ ಆದವರಿಗೆ. ಲೆವೆಲ್-1 ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆ ರೈಲ್ವೆಯಲ್ಲಿ ತರಬೇತಿ ಮುಗಿಸಿದ ಅಪ್ರೆಂಟಿಸ್‌ಗಳಿಗೆ ಮೀಸಲು. ನಮ್ಮ ಕಡೆ ನೈಋತ್ಯ ರೈಲ್ವೆಯ ಹುಬ್ಬಳ್ಳಿ ಮತ್ತು ಮೈಸೂರು ವರ್ಕ್‌ಶಾಪ್‌ಗಳಿವೆ. ಅಲ್ಲಿ ಅಪ್ರೆಂಟಿಸ್ ಆಗುವುದಕ್ಕೆ ಬರೆಯುವ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಮಾರ್ಕ್ಸ್ ಸೇರಿಸಿ ಮೆರಿಟ್ ಪಟ್ಟಿ ಮಾಡುತ್ತಾರೆ. ಖಾಸಗಿ ಕಾರ್ಖಾನೆಯಲ್ಲಿ ಮುಗಿಸಿದ ಎನ್‌ಎಸಿಗೆ ಆ ಶೇ 20ರಲ್ಲಿ ಪಾಲು ಇಲ್ಲ. ಇದನ್ನು ಮೊದಲೇ ತಿಳಿದುಕೊಳ್ಳಬೇಕು.

ಯಾಕೆ ಮೊದಲೇ ಅಂದರೆ, ಒಮ್ಮೆ ಅಪ್ರೆಂಟಿಸ್‌ಶಿಪ್ ಮಾಡಿದವರು ಅರ್ಜಿ ಹಾಕಬೇಡಿ ಅಂತ ಎಷ್ಟೋ ಸಾರ್ವಜನಿಕ ಸಂಸ್ಥೆಗಳ ಅಧಿಸೂಚನೆಯಲ್ಲೇ ಇರುತ್ತದೆ. ಒಂದು ವರ್ಷಕ್ಕಿಂತ ಜಾಸ್ತಿ ಕೆಲಸದ ಅನುಭವ ಇದ್ದವರೂ ಬೇಡ ಅನ್ನುತ್ತಾರೆ. ಇದು ಹೆಚ್ಚುಕಮ್ಮಿ ಒಂದೇ ಸಲ ಸಿಗುವ ಟಿಕೆಟ್. ಮಾರ್ಕ್ಸ್ ಚೆನ್ನಾಗಿದ್ದು, ರೈಲ್ವೆಯದೋ ಎಚ್‌ಎಎಲ್‌ನದೋ ಬಿಇಎಲ್‌ನದೋ ಅಧಿಸೂಚನೆ ಬರುವ ಹೊತ್ತಾಗಿದ್ದರೆ ಸ್ವಲ್ಪ ಕಾಯುವುದೇ ಒಳ್ಳೆಯದು. ಅಕ್ಕನ ಮಗನ ಮಾರ್ಕ್ಸ್ ಆ ಮೆರಿಟ್ ಪಟ್ಟಿಗೆ ಸಾಲುತ್ತಿರಲಿಲ್ಲ, ಮನೆಯ ಪರಿಸ್ಥಿತಿಯೂ ಕಾಯುವಂಥದ್ದಲ್ಲ. ಅದನ್ನು ಅವನಿಗೆ ಮುಚ್ಚಿಡದೆ ಹೇಳಿದೆ.

ಅಪ್ರೆಂಟಿಸ್‌ಶಿಪ್ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಒಪ್ಪಂದದಲ್ಲೇ ಅಂಥ ಷರತ್ತು ಇದ್ದರೆ ಬೇರೆ ಮಾತು. "ವರ್ಷ ಆದ ಮೇಲೆ ಪರ್ಮನೆಂಟ್ ಮಾಡ್ತೀವಿ" ಅಂತ ಬಾಯಲ್ಲಿ ಹೇಳಿದರೆ ಹಿಂದಿನ ಬ್ಯಾಚಿನ ಎಷ್ಟು ಜನ ಉಳಿದಿದ್ದಾರೆ ಅಂತ ಕ್ಯಾಂಟೀನ್‌ನಲ್ಲಿ ವಿಚಾರಿಸಿ. ಆಫೀಸಿಗಿಂತ ಕ್ಯಾಂಟೀನ್‌ನಲ್ಲಿ ನಿಜ ಬೇಗ ಸಿಗುತ್ತದೆ.

ಇನ್ನು ಹುಡುಗಿಯ ವಿಷಯ. ಅವಳಿಗೆ ಬೇಕಾಗಿದ್ದದ್ದು ಕೊನೆಯ ಸೆಮಿಸ್ಟರ್‌ನ ಇಂಟರ್ನ್‌ಶಿಪ್. ಅದು ಕೋರ್ಸಿನ ಭಾಗ, ಮಾರ್ಕ್ಸ್ ಇದೆ, ಡೈರಿ ಬರೆಯಬೇಕು, ಕಾಲೇಜಿನ ಗೈಡ್ ನೋಡುತ್ತಾರೆ. 6000 ಕೇಳಿದ ಟ್ರೈನಿಂಗ್ ಸೆಂಟರ್ ಹತ್ತಿರ ನಾನು ಫೋನ್‌ನಲ್ಲಿ ಒಂದೇ ಪ್ರಶ್ನೆ ಕೇಳಿದೆ. ಅವಳು ದಿನಾ ಯಾವ ಮೆಷಿನ್ ಪಕ್ಕ ಇರುತ್ತಾಳೆ? ಆ ಕಡೆಯವರು ಸಾಫ್ಟ್‌ವೇರ್ ಕ್ಲಾಸು, ಸರ್ಟಿಫಿಕೇಟು, ಪ್ಲೇಸ್‌ಮೆಂಟ್ ಅಂತ ಸುತ್ತಿದರೇ ಹೊರತು ಮೆಷಿನ್‌ನ ಹೆಸರು ಹೇಳಲಿಲ್ಲ. ಅದು ಕೋಚಿಂಗ್. ಬೇಕಾದವರು ದುಡ್ಡು ಕೊಟ್ಟು ಕಲಿಯಲಿ, ಆದರೆ ಅದನ್ನು ಇಂಟರ್ನ್‌ಶಿಪ್ ಅನ್ನಬಾರದು.

ಅವಳಿಗೆ ಹೇಳಿದ್ದು ಇಷ್ಟು. ಕಾಲೇಜಿನಿಂದ ಬೋನಫೈಡ್ ಪತ್ರ ತಗೊಂಡು ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಸಣ್ಣ ಕಾರ್ಖಾನೆಗೆ ಹೋಗಿ ಕೇಳು. ಸ್ಟೈಪೆಂಡ್ ಸಿಗದಿದ್ದರೂ ಪರವಾಗಿಲ್ಲ, ಕ್ವಾಲಿಟಿ ವಿಭಾಗದಲ್ಲಿ ಕೂರಿಸಿದರೆ ಸಾಕು. ಅಲ್ಲಿ ಡ್ರಾಯಿಂಗ್ ಓದುವುದು, ಮೈಕ್ರೋಮೀಟರ್ ಹಿಡಿಯುವುದು, ಜಾಬ್ ಯಾಕೆ ರಿಜೆಕ್ಟ್ ಆಯಿತು ಅಂತ ಬರೆಯುವುದು ಮೂರೂ ಒಟ್ಟಿಗೆ ಬರುತ್ತದೆ. ಡಿಪ್ಲೊಮಾ ಪಾಸಾದ ಮೇಲೆ ಎನ್‌ಎಟಿಎಸ್ ಬಾಗಿಲು ಅವಳಿಗೆ ಹಾಗೆಯೇ ತೆರೆದಿರುತ್ತದೆ, ಯಾಕೆಂದರೆ ಕೋರ್ಸಿನ ಇಂಟರ್ನ್‌ಶಿಪ್ ಅಪ್ರೆಂಟಿಸ್‌ಶಿಪ್ ಲೆಕ್ಕಕ್ಕೆ ಬರುವುದಿಲ್ಲ. ಆ ವರ್ಷ ಮುಗಿದರೆ ಬೋಟ್‌ನಿಂದ ಪ್ರಾವೀಣ್ಯ ಪ್ರಮಾಣಪತ್ರ ಬರುತ್ತದೆ.

ಹೆಸರಿನ ಗೊಂದಲ ಮಾಡುವ ಇನ್ನೊಂದಿದೆ, 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. ಹೆಸರಿನಲ್ಲಿ ಇಂಟರ್ನ್‌ಶಿಪ್ ಇದ್ದರೂ ಅದು ಶುರುವಾದದ್ದು ಓದುತ್ತಿರುವವರಿಗಲ್ಲ, ಓದು ಮುಗಿಸಿ ಮನೆಯಲ್ಲಿರುವವರಿಗೆ. ಶುರುವಾದಾಗ 21ರಿಂದ 24 ವಯಸ್ಸಿನವರಿಗೆ, 12 ತಿಂಗಳು, ತಿಂಗಳಿಗೆ 5000, ಸೇರುವಾಗ ಒಂದು ಸಲ 6000 ಅಂತ ಇತ್ತು. ಐಟಿಐ, ಡಿಪ್ಲೊಮಾ ಆದವರೂ ಹಾಕಬಹುದು. ಆದರೆ ಎನ್‌ಎಪಿಎಸ್ ಅಥವಾ ಎನ್‌ಎಟಿಎಸ್‌ನಲ್ಲಿ ಅಪ್ರೆಂಟಿಸ್‌ಶಿಪ್ ಮಾಡಿದವರಿಗೆ ಅದು ಇಲ್ಲ. ಟ್ರೇಡ್ ಸರ್ಟಿಫಿಕೇಟ್ ಬೇಕು ಅನ್ನುವ ಫಿಟ್ಟರ್ ಹುಡುಗನಿಗೆ ನಾನು ಅದನ್ನು ಹೇಳುವುದಿಲ್ಲ.

ಹುಡುಗ ಅವತ್ತೇ ಸಂಜೆ ಕಾಂಟ್ರಾಕ್ಟರ್‌ಗೆ ಫೋನ್ ಮಾಡಿ, "ಅಣ್ಣ, ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಹಾಕ್ತೀರಾ?" ಅಂತ ಕೇಳಿದ. "ಅದೆಲ್ಲ ಆಮೇಲೆ ನೋಡೋಣ, ನಾಳೆ ಡೆಪಾಸಿಟ್ ತಗೊಂಡು ಬಾ" ಅಂದರಂತೆ. ಹೋಗಲಿಲ್ಲ. ಎರಡನೇ ಕಂಪನಿಗೆ ನವೆಂಬರ್ 1ಕ್ಕೆ ಸೇರಿಕೊಂಡ.

ಡಿಸೆಂಬರ್‌ನಲ್ಲಿ ಫೋನ್ ಬಂತು. ಕಂಪನಿಯ 5500 ಎಂಟನೇ ತಾರೀಖಿಗೆ ಬಂದಿದೆ, ಸರ್ಕಾರದ 1500 ಬಂದಿಲ್ಲ. ಜನವರಿಯಲ್ಲೂ ಅದೇ ಕಥೆ. ಕಂಪನಿಯವರು ಪೋರ್ಟಲ್ ತೆರೆದು ತೋರಿಸಿದರೆ ಅದರಲ್ಲಿ ಹಣ ಸಂದಾಯವಾಗಿದೆ ಅಂತ ಇದೆ. ನನಗೆ ಅನುಮಾನ ಬಂತು. ಸರ್ಕಾರದ ದುಡ್ಡು ನೀವು ಪಾಸ್‌ಬುಕ್ ಕೊಟ್ಟ ಖಾತೆಗೇ ಹೋಗಬೇಕು ಅಂತ ಇಲ್ಲ, ಆಧಾರ್‌ಗೆ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. "ಸ್ಕಾಲರ್‌ಶಿಪ್‌ಗೆ ಅಂತ ಮೊದಲು ಯಾವುದಾದರೂ ಖಾತೆ ಮಾಡಿಸಿದ್ಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಸ್ಸೆಸ್ಸೆಲ್ಸಿಲಿ ಮಾಡ್ಸಿದ್ದೆ ಮಾಮ, ಊರಿನ ಬ್ಯಾಂಕಲ್ಲಿ" ಅಂದ. ಮುಂದಿನ ಶನಿವಾರ ಅವರಮ್ಮ ಆ ಹಳೇ ಪಾಸ್‌ಬುಕ್ ಹುಡುಕಿ ತಗೊಂಡು ಹೋಗಿ ಎಂಟ್ರಿ ಹಾಕಿಸಿದಳು. 1500ರ ಎರಡು ಸಾಲು ಅಲ್ಲಿದ್ದವು.